ಬ್ಯಾಟರಿಯ ಆಯಸ್ಸು ಬರೆದಿಡುವ ಎರಡು ಅಂಕೆಗಳು: 4.2 ಮತ್ತು 3.0

ಫೋನ್ ಪರದೆಯ ಮೂಲೆಯಲ್ಲಿ ಕಾಣುವ ಶೇಕಡಾ ಅಂಕೆಯನ್ನು ನಾವೆಲ್ಲ ದಿನಕ್ಕೆ ಹತ್ತಾರು ಸಲ ನೋಡ್ತೀವಿ. ಆದರೆ ಅದರ ಒಳಗಿರುವ ಲಿಥಿಯಂ-ಅಯಾನ್ ಸೆಲ್‌ಗೆ ಶೇಕಡಾ ಅಂದ್ರೇನು ಅಂತ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರೋದು ವೋಲ್ಟೇಜ್ ಮಾತ್ರ. ಸಾಮಾನ್ಯ ಸೆಲ್ 4.2 ವೋಲ್ಟ್ ಮುಟ್ಟಿದರೆ ತುಂಬಿತು ಅಂತ ಲೆಕ್ಕ, ಸುಮಾರು 3 ವೋಲ್ಟ್‌ಗೆ ಇಳಿದರೆ ಖಾಲಿ ಅಂತ ಲೆಕ್ಕ. 100% ಮತ್ತು 0% ಅನ್ನೋದು ಈ ಎರಡು ಗೆರೆಗಳಿಗೆ ತಯಾರಕರು ಅಂಟಿಸಿದ ಚೀಟಿಗಳು. ಗೆರೆಗಳನ್ನು ಎಲ್ಲಿ ಎಳೆದಿದ್ದಾರೆ, ನಾವು ಅವುಗಳ ಹತ್ತಿರ ಎಷ್ಟು ಹೊತ್ತು ಕಳೀತೀವಿ ಅನ್ನೋದರ ಮೇಲೆ ಬ್ಯಾಟರಿ ಎರಡು ವರ್ಷ ಬಾಳುತ್ತೋ ಐದು ವರ್ಷ ಬಾಳುತ್ತೋ ಅನ್ನೋದು ಬಹುಪಾಲು ನಿಂತಿದೆ.

ಮೊದಲು ಸೆಲ್ ಒಳಗೆ ಏನಿದೆ ನೋಡೋಣ. ಒಂದು ಬದಿಯಲ್ಲಿ ತಾಮ್ರದ ಹಾಳೆಗೆ ಬಳಿದ ಗ್ರಾಫೈಟ್. ಇನ್ನೊಂದು ಬದಿಯಲ್ಲಿ ಅಲ್ಯೂಮಿನಿಯಂ ಹಾಳೆಗೆ ಬಳಿದ ಕೋಬಾಲ್ಟ್ ಆಕ್ಸೈಡ್ ಅಥವಾ ಅದರ ಸಂಬಂಧಿಕ ವಸ್ತು. ನಡುವೆ ಒಂದು ಸಾವಯವ ದ್ರಾವಣ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡ್ ಬಿಟ್ಟು ಗ್ರಾಫೈಟ್ ಕಡೆ ಹೋಗುತ್ತವೆ, ಬಳಸುವಾಗ ವಾಪಸ್ ಬರುತ್ತವೆ. ಗ್ರಾಫೈಟ್ ಅನ್ನೋದು ವೀಳ್ಯದೆಲೆಯ ಕವಳಿ ಥರ, ಪದರದ ಮೇಲೆ ಪದರ. ಲಿಥಿಯಂ ಆ ಎಲೆಗಳ ಸಂದಿಯಲ್ಲಿ ಹೋಗಿ ಕೂರುತ್ತದೆ.

ಇಲ್ಲಿ ಒಂದು ವಿಷಯ ಹಿಡಿದುಕೊಂಡರೆ ಉಳಿದದ್ದೆಲ್ಲ ಸುಲಭ. ಮೀಟರ್‌ನಲ್ಲಿ ನಾವು ನೋಡುವ 4.2 ವೋಲ್ಟ್ ಒಂದೇ ವಸ್ತುವಿನ ಗುಣ ಅಲ್ಲ, ಎರಡು ಬದಿಗಳ ನಡುವಿನ ವ್ಯತ್ಯಾಸ. ಶುದ್ಧ ಲಿಥಿಯಂ ಲೋಹವನ್ನು ಸೊನ್ನೆ ಅಂತ ಇಟ್ಟುಕೊಂಡರೆ, ತುಂಬಿದ ಸೆಲ್‌ನಲ್ಲಿ ಆಕ್ಸೈಡ್ ಬದಿ ಸುಮಾರು 4.3 ವೋಲ್ಟ್‌ನಲ್ಲಿದೆ, ಗ್ರಾಫೈಟ್ ಬದಿ ಸುಮಾರು 0.1ರಲ್ಲಿ. ಅಂದ್ರೆ ತುಂಬಿದಾಗ ಎರಡೂ ಬದಿಗಳು ತಮ್ಮ ತಮ್ಮ ಅಂಚಿಗೆ ಬಂದು ನಿಂತಿರುತ್ತವೆ. ಒಂದು ಬದಿ ತೀರಾ ಮೇಲೆ, ಇನ್ನೊಂದು ತೀರಾ ಕೆಳಗೆ. ನಡುವಿನ ದ್ರಾವಣಕ್ಕೆ ಎರಡೂ ಕಡೆಯಿಂದ ಕಾಟ.

ಗ್ರಾಫೈಟ್ ಬದಿಯಲ್ಲಿ ಆಗೋದು ಹೀಗೆ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ದ್ರಾವಣ ತಾಳಲಾರದೆ ಒಡೆಯುತ್ತದೆ. ಒಡೆದ ಚೂರುಗಳು ಲಿಥಿಯಂ ಜೊತೆ ಸೇರಿ ಗ್ರಾಫೈಟ್ ಮೇಲೆ ತೆಳು ಪೊರೆ ಕಟ್ಟುತ್ತವೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಈ ಪೊರೆ ಬೇಕೇ ಬೇಕು. ಅದಿಲ್ಲದಿದ್ದರೆ ದ್ರಾವಣ ಪೂರ್ತಿ ಒಡೆದು ಹೋಗ್ತಿತ್ತು. ಆದರೆ ಅದು ಬೆಳೆಯುತ್ತಲೇ ಇರುತ್ತದೆ, ಬೆಳೆದಷ್ಟೂ ಲಿಥಿಯಂ ನುಂಗುತ್ತದೆ. ಹಾಗೆ ನುಂಗಿದ ಲಿಥಿಯಂ ಮತ್ತೆ ಓಡಾಡೋದಿಲ್ಲ. ಬ್ಯಾಟರಿ 'ಹೋಗ್ತಾ ಬಂತು' ಅಂತೀವಲ್ಲ, ಅದರ ಬಹುಪಾಲು ಇದೇ. ಸೆಲ್ ತುಂಬಿದಷ್ಟೂ, ಬಿಸಿಯಾದಷ್ಟೂ ಈ ಬೆಳವಣಿಗೆ ಜೋರು.

ಆಕ್ಸೈಡ್ ಬದಿಯ ಕಥೆ ಬೇರೆ. ಅಲ್ಲಿ ಪದರಗಳ ನಡುವೆ ಕೂತ ಲಿಥಿಯಂ ಮನೆಯ ಕಂಬಗಳಿದ್ದ ಹಾಗೆ. ಕೋಬಾಲ್ಟ್ ಆಕ್ಸೈಡ್‌ನಲ್ಲಿ 4.2 ವೋಲ್ಟ್ ತಲುಪುವ ಹೊತ್ತಿಗೆ ಹತ್ತಿರ ಹತ್ತಿರ ಅರ್ಧ ಕಂಬಗಳನ್ನು ಕಿತ್ತಾಗಿರುತ್ತದೆ. ಇನ್ನರ್ಧವೂ ಅಲ್ಲೇ ಇದೆ, ಕಿತ್ತರೆ ಇನ್ನಷ್ಟು ವಿದ್ಯುತ್ ಸಿಗುತ್ತದೆ ನಿಜ. ಆದರೆ ಮಹಡಿ ಕುಸಿಯಲು ಶುರುವಾಗುತ್ತದೆ. ಪದರಗಳು ಜರುಗುತ್ತವೆ, ಲೋಹದ ಅಯಾನುಗಳು ಕರಗಿ ದ್ರಾವಣಕ್ಕೆ ಸೇರುತ್ತವೆ, ಆಮ್ಲಜನಕ ಬಿಡುಗಡೆಯಾಗುವ ಅಪಾಯ ಹೆಚ್ಚುತ್ತದೆ. ದ್ರಾವಣ ಈ ಬದಿಯಲ್ಲಿ ಆಕ್ಸಿಡೀಕರಣವಾಗಿ ಅನಿಲ ಹುಟ್ಟುತ್ತದೆ. ಹಳೇ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಉಬ್ಬಿ ಮೇಲೆ ಬಂದಿರುವುದನ್ನು ನೋಡಿದ್ದೀರಾ? ಒಳಗೆ ತುಂಬಿರುವುದು ಈ ಅನಿಲವೇ.

ಹಾಗಾದರೆ 4.2 ಅನ್ನೋದು ಯಾರೋ ದೇವರು ಬರೆದಿಟ್ಟ ಸಂಖ್ಯೆಯಾ? ಅಲ್ಲ. ಇಷ್ಟು ವಿದ್ಯುತ್ ಸಿಗಲಿ, ಇಷ್ಟು ವರ್ಷ ಬಾಳಲಿ ಅನ್ನೋ ಚೌಕಾಸಿಯ ಫಲ ಅದು. ಇವತ್ತಿನ ಅನೇಕ ಫೋನ್ ಸೆಲ್‌ಗಳು 4.4 ವೋಲ್ಟ್‌ವರೆಗೂ, ಅದಕ್ಕೂ ಮೇಲೂ ಹೋಗುತ್ತವೆ. ಆಕ್ಸೈಡ್‌ಗೆ ಬೇರೆ ಧಾತುಗಳನ್ನು ಬೆರೆಸಿ, ಮೇಲೆ ಲೇಪನ ಕೊಟ್ಟು, ದ್ರಾವಣಕ್ಕೆ ರಕ್ಷಕ ರಾಸಾಯನಿಕ ಸೇರಿಸಿ ಆ ಅಂಚನ್ನು ಸ್ವಲ್ಪ ಆಚೆ ತಳ್ಳಿದ್ದಾರೆ. ಅಂಚು ಸರಿದಿದೆ, ಆದರೆ ಅಂಚಿನಲ್ಲಿ ನಿಲ್ಲುವ ಕಷ್ಟ ಹಾಗೇ ಇದೆ.

ಚೌಕಾಸಿಯ ಲೆಕ್ಕವನ್ನು ಒಂದು ಸೆಲ್ ಇಟ್ಟುಕೊಂಡೇ ನೋಡೋಣ. 10 ವ್ಯಾಟ್-ಅವರ್ ಹಿಡಿಯುವ, 4.2 ವೋಲ್ಟ್‌ನ ಲ್ಯಾಪ್‌ಟಾಪ್ ಸೆಲ್ ಅಂದುಕೊಳ್ಳಿ. ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಒಂದು ಒರಟು ಲೆಕ್ಕ ಏನೆಂದರೆ, ಮೇಲಿನ ಗೆರೆಯನ್ನು 0.1 ವೋಲ್ಟ್ ಕೆಳಗಿಳಿಸಿದರೆ ಚಾರ್ಜ್ ಸುತ್ತುಗಳ ಸಂಖ್ಯೆ ಸುಮಾರು ಎರಡು ಪಟ್ಟಾಗುತ್ತದೆ, ಪ್ರತಿ ಸಲ ಸಿಗುವ ವಿದ್ಯುತ್ ಹತ್ತು-ಹದಿನೈದು ಶೇಕಡಾ ಕಮ್ಮಿಯಾಗುತ್ತದೆ. 4.2ರವರೆಗೆ ತುಂಬಿಸಿ 400 ಸುತ್ತು ಸಿಕ್ಕರೆ ಜೀವಮಾನದಲ್ಲಿ ಒಟ್ಟು 4,000 ವ್ಯಾಟ್-ಅವರ್. 4.1ಕ್ಕೇ ನಿಲ್ಲಿಸಿದರೆ ಪ್ರತಿ ಸಲ ಸಿಗೋದು 8.7 ಮಾತ್ರ, ಆದರೆ ಸುತ್ತು 800, ಒಟ್ಟು ಹತ್ತಿರ ಹತ್ತಿರ 7,000. ದಿನಾ ಸ್ವಲ್ಪ ಕಡಿಮೆ ಉಣ್ಣುವವನು ಒಟ್ಟಿನಲ್ಲಿ ಹೆಚ್ಚು ಉಂಡ ಹಾಗಾಯ್ತು.

ಆದರೆ ಈ ಲೆಕ್ಕಕ್ಕೂ ಮಿತಿ ಇದೆ. ಸೆಲ್ ಬಳಸದೆ ಇಟ್ಟರೂ ಮುಪ್ಪಾಗುತ್ತದೆ. ವರ್ಕ್ ಫ್ರಮ್ ಹೋಮ್ ಮಾಡುವವರ ಲ್ಯಾಪ್‌ಟಾಪ್ ವಾರಗಟ್ಟಲೆ ಚಾರ್ಜರ್‌ನಲ್ಲೇ ಇರುತ್ತದೆ, ಸುತ್ತುಗಳ ಎಣಿಕೆ ಹೆಚ್ಚೋದೇ ಇಲ್ಲ. ಆದರೂ ಎರಡು ವರ್ಷದಲ್ಲಿ ಬ್ಯಾಟರಿ ಸೋಲುತ್ತದೆ. ಯಾಕೆ ಅಂದ್ರೆ ಸೆಲ್‌ಗಳು ಆ ಇಡೀ ಕಾಲ ಮೇಲಿನ ಅಂಚಿನಲ್ಲಿ, ಅದೂ ಪ್ರೊಸೆಸರ್ ಶಾಖದ ಪಕ್ಕದಲ್ಲಿ ನಿಂತಿದ್ದವು. ಸುತ್ತು ಎಷ್ಟು ಅನ್ನೋದರ ಜೊತೆಗೆ ಮೇಲೆ ಎಷ್ಟು ಹೊತ್ತು ನಿಂತಿತ್ತು ಅಂತಲೂ ಕೇಳಬೇಕು.

ಇದನ್ನು ನೀವೇ ನೋಡಬಹುದು. ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ:

```
cat /sys/class/power_supply/BAT0/voltage_now
```

ಉತ್ತರ ಮೈಕ್ರೋವೋಲ್ಟ್‌ನಲ್ಲಿ ಬರುತ್ತದೆ. 12600000 ಅಂತ ಬಂದರೆ 12.6 ವೋಲ್ಟ್. ಪ್ಯಾಕ್‌ನಲ್ಲಿ ಮೂರು ಸೆಲ್ ಸಾಲಾಗಿದ್ದರೆ ಮೂರರಿಂದ ಭಾಗಿಸಿ: ತಲಾ 4.2. ಅಂಚಿನಲ್ಲೇ ಇವೆ. ಚಾರ್ಜ್ 80%ಕ್ಕೆ ನಿಲ್ಲುವ ಹಾಗೆ ಸೆಟ್ ಮಾಡಿ ನೋಡಿದರೆ ಇದು ಸುಮಾರು 12 ವೋಲ್ಟ್, ಅಂದ್ರೆ ತಲಾ 4.0 ಆಸುಪಾಸು ಇರುತ್ತದೆ. ವಿಂಡೋಸ್‌ನಲ್ಲಿ `powercfg /batteryreport` ಅಂತ ಕೊಟ್ಟರೆ ಒಂದು ವರದಿ ಸಿಗುತ್ತದೆ. ಅದರಲ್ಲಿ `DESIGN CAPACITY` ಮತ್ತು `FULL CHARGE CAPACITY` ಎರಡನ್ನೂ ಹೋಲಿಸಿ. 50,000ಕ್ಕೆ ಎದುರಾಗಿ 38,000 ಇದ್ದರೆ ನಾಲ್ಕರಲ್ಲಿ ಒಂದು ಪಾಲು ಆಗಲೇ ಹೋಗಿದೆ.

ಈಗ ಕೆಳಗಿನ ಗೆರೆಗೆ ಬರೋಣ. ಇಲ್ಲಿ ಹಾನಿ ಆಗುವ ರೀತಿಯೇ ಬೇರೆ. ಮೇಲಿನ ಅಂಚು ನಿಧಾನವಾಗಿ ತಿನ್ನುತ್ತದೆ, ಕೆಳಗಿನ ಅಂಚನ್ನು ಒಮ್ಮೆ ಆಳವಾಗಿ ದಾಟಿದರೂ ಕೆಲಸ ಕೆಟ್ಟಿತು. ಸೆಲ್ ಖಾಲಿಯಾಗುತ್ತ ಹೋದಂತೆ ಗ್ರಾಫೈಟ್‌ನಲ್ಲಿ ಲಿಥಿಯಂ ಮುಗಿದು ಅದರ ವೋಲ್ಟೇಜ್ ಸರ್ರನೆ ಏರುತ್ತದೆ. ಆ ಏರಿಕೆಯಲ್ಲಿ ಮೊದಲು ರಕ್ಷಣೆಯ ಪೊರೆ ಹಾಳಾಗುತ್ತದೆ. ಇನ್ನೂ ಖಾಲಿ ಮಾಡಿ ಸೆಲ್ ಸೊನ್ನೆಯ ಹತ್ತಿರ ಹೋದರೆ ಗ್ರಾಫೈಟ್ ಬದಿ ಸುಮಾರು 3.5 ವೋಲ್ಟ್ ಮುಟ್ಟುತ್ತದೆ. ಆಗ ಅದರ ಹಿಂದಿರುವ ತಾಮ್ರದ ಹಾಳೆಯೇ ಕರಗಲು ಶುರು. ಕರಗಿದ ತಾಮ್ರ ದ್ರಾವಣದಲ್ಲಿ ತೇಲುತ್ತಿರುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದು ಎಲ್ಲೆಂದರಲ್ಲಿ ಲೋಹವಾಗಿ ಅಂಟಿ, ಎರಡೂ ಬದಿಗಳ ನಡುವೆ ಸೇತುವೆ ಕಟ್ಟಬಹುದು. ಅದೇ ಒಳಗಿನ ಶಾರ್ಟ್ ಸರ್ಕ್ಯೂಟ್.

ಅದಕ್ಕೇ ಫೋನು 3 ವೋಲ್ಟ್ ಅಥವಾ ಅದಕ್ಕೂ ಸ್ವಲ್ಪ ಮೇಲೆಯೇ 'ನಾ ಮಲಗ್ತೀನಿ' ಅಂತ ಆಫ್ ಆಗೋದು. 2.5ರ ಆಸುಪಾಸಿನಲ್ಲಿ ರಕ್ಷಣಾ ಚಿಪ್ ಸಂಪರ್ಕವನ್ನೇ ಕಡಿದುಬಿಡುತ್ತದೆ. ಇಷ್ಟು ಬೇಗ ನಿಲ್ಲಿಸಿದರೂ ನಮಗೆ ನಷ್ಟ ಕಮ್ಮಿ. 3.4ರಿಂದ 3.0ವರೆಗಿನ ಇಳಿಜಾರು ಎಷ್ಟು ಕಡಿದು ಅಂದ್ರೆ ಅಲ್ಲಿ ಉಳಿದಿರೋದೇ ಕೆಲವು ಶೇಕಡಾ.

ಹಾಗಾದರೆ ದಿನಬಳಕೆಯಲ್ಲಿ ಅಪಾಯ ಎಲ್ಲಿ? ಡ್ರಾಯರ್‌ನಲ್ಲಿ. 4,000 ಮಿಲಿಆಂಪ್-ಅವರ್‌ನ ಹಳೇ ಫೋನ್ 0% ಆಗಿ ಆಫ್ ಆಯ್ತು, ಹಾಗೇ ಒಳಗೆ ತಳ್ಳಿದಿರಿ. ಒಳಗೆ ಇನ್ನೂ 2%, ಅಂದ್ರೆ 80 ಉಳಿದಿದೆ ಅಂದುಕೊಳ್ಳಿ. ಆಫ್ ಇದ್ದರೂ ಒಳಗಿನ ಸರ್ಕ್ಯೂಟ್ 50 ಮೈಕ್ರೋಆಂಪ್ ಎಳೆಯುತ್ತಿದ್ದರೆ ದಿನಕ್ಕೆ 1.2 ಖರ್ಚು. ಎರಡು ತಿಂಗಳು ಚಿಲ್ಲರೆಯಲ್ಲಿ ಅದೂ ಮುಗೀತು. ಸೆಲ್ ತಾನಾಗಿಯೇ ಸೋರುವುದನ್ನು ಸೇರಿಸಿದರೆ ಇನ್ನೂ ಬೇಗ. ಅದೇ ಫೋನನ್ನು 50%ಕ್ಕೆ ತುಂಬಿಸಿ ಆಫ್ ಮಾಡಿ ಇಟ್ಟಿದ್ದರೆ 2,000 ಇರುತ್ತಿತ್ತು. ಅದೇ ಸರ್ಕ್ಯೂಟ್ ಅದನ್ನು ಖಾಲಿ ಮಾಡಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು.

ಹೀಗೆ ಪೂರ್ತಿ ಸತ್ತ ಬ್ಯಾಟರಿಯನ್ನು ಒಳ್ಳೆಯ ಚಾರ್ಜರ್ ಮೊದಲು ಬಹಳ ಕಡಿಮೆ ಕರೆಂಟ್ ಕೊಟ್ಟು ಪರೀಕ್ಷಿಸುತ್ತದೆ, ಇಲ್ಲವೇ ಮುಟ್ಟೋದೇ ಇಲ್ಲ. 'ಚಾರ್ಜ್ ಆಗ್ತಿಲ್ಲ, ಎರಡು ವೈರ್ ಹಿಡಿದು ಜೀವ ಕೊಡಿ' ಅನ್ನೋ ವಿಡಿಯೋಗಳು ತಪ್ಪಿಸುತ್ತಿರುವುದು ಇದೇ ಪರೀಕ್ಷೆಯನ್ನು. ಸೆಲ್ ಎದ್ದು ಕೂತ ಹಾಗೆ ಕಾಣಬಹುದು, ಆದರೆ ತಾಮ್ರದ ಸೇತುವೆ ಒಳಗೆ ಕಟ್ಟಿದೆಯೋ ಇಲ್ಲವೋ ಹೊರಗಿನಿಂದ ತಿಳಿಯೋದಿಲ್ಲ. ಚಾರ್ಜ್ ಮಾಡುವಾಗ ಕಾರಣವಿಲ್ಲದೆ ಬಿಸಿಯಾದರೆ, ತುಂಬಿಸಿಟ್ಟ ಮೇಲೆ ಒಂದೆರಡು ದಿನದಲ್ಲೇ ವೋಲ್ಟೇಜ್ ಇಳಿದರೆ, ಉಬ್ಬಿದ್ದರೆ, ಅದನ್ನು ಮತ್ತೆ ಬಳಸಬೇಡಿ, ಚುಚ್ಚಲೂ ಬೇಡಿ. ಕಸದ ಬುಟ್ಟಿಗೂ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಇನ್ನೊಂದು ಎಚ್ಚರಿಕೆ. ಈ ಅಂಕೆಗಳು ಎಲ್ಲ ಲಿಥಿಯಂ ಬ್ಯಾಟರಿಗೂ ಒಂದೇ ಅಲ್ಲ. ಕೆಲವು ವಿದ್ಯುತ್ ವಾಹನ, ಇನ್ವರ್ಟರ್‌ಗಳಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ನ ಮೇಲಿನ ಗೆರೆ 3.65 ವೋಲ್ಟ್. ಅದಕ್ಕೆ 4.2ರ ಚಾರ್ಜರ್ ಹಾಕಿದರೆ ಅದು ಗೆರೆಯಿಂದ ಬಹಳ ಆಚೆ. ಚಾರ್ಜರ್ ಬದಲಿಸುವ ಮುನ್ನ ಪ್ಯಾಕ್ ಮೇಲೆ ಬರೆದಿರುವ ಗರಿಷ್ಠ ವೋಲ್ಟೇಜ್ ಓದಿ.

ಹಾಗಂತ ಪ್ರಯಾಣಕ್ಕೆ ಹೊರಟಾಗ 100% ಮಾಡಿಕೊಳ್ಳಲು ಹೆದರಬೇಕಿಲ್ಲ. ತುಂಬಿಸಿ, ಬಳಸಿ, ಇಳಿಸಿ. ಅಂಚಿಗೆ ಹೋಗಿ ಬರೋದರಲ್ಲಿ ಹಾನಿ ಸ್ವಲ್ಪ, ಅಲ್ಲೇ ಬಿಡಾರ ಹೂಡೋದರಲ್ಲಿ ಬಹಳ. ಮೇಜಿನ ಮೇಲೇ ಇರುವ ಲ್ಯಾಪ್‌ಟಾಪ್‌ಗೆ 80%ರ ಮಿತಿ, ಡ್ರಾಯರ್ ಸೇರುವ ಫೋನಿಗೆ 50%ರ ಊಟ. ಇವೆರಡು ಈ ವಾರಾಂತ್ಯಕ್ಕೇ ಆಗುವ ಕೆಲಸ.