ಮೂರು ಉಬ್ಬಿನ ಶಾಫ್ಟು

6208 ನಂಬರಿನ ಬಾಲ್ ಬೇರಿಂಗು ಪಂಪು, ಗೇರ್‌ಬಾಕ್ಸುಗಳಲ್ಲಿ ಧಾರಾಳವಾಗಿ ಕಾಣಸಿಗುತ್ತದೆ. ಒಳವ್ಯಾಸ 40 ಮಿ.ಮೀ., ಹೊರವ್ಯಾಸ 80. ಅದು ಕೂರುವ ಶಾಫ್ಟಿನ ಭಾಗಕ್ಕೆ ಡ್ರಾಯಿಂಗಿನಲ್ಲಿ ಸಾಮಾನ್ಯವಾಗಿ 40 k5 ಎಂದು ಬರೆದಿರುತ್ತಾರೆ. ಅಂದರೆ ವ್ಯಾಸ 40.002ರಿಂದ 40.013ರ ಒಳಗಿರಬೇಕು. ಬೇರಿಂಗಿನ ರಂಧ್ರವೋ 39.988ರಿಂದ 40.000. ಹಾಗಾಗಿ ಶಾಫ್ಟು ಯಾವಾಗಲೂ ಎರಡು ಮೈಕ್ರಾನಾದರೂ ದಪ್ಪ. ಒಳ ಉಂಗುರ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಇಷ್ಟು ಬರೆದ ಮೇಲೆ ಫಿಟ್ಟಿನ ಮಾತು ಮುಗಿಯಿತು ಎಂದುಕೊಳ್ಳುವವರು ಬಹಳ. ಆದರೆ ಈ ಎರಡು ಅಂಕಿಗಳು ದಪ್ಪವನ್ನು ಹೇಳುತ್ತವೆಯೇ ಹೊರತು ಆಕಾರವನ್ನಲ್ಲ.

ಸೆಂಟರ್‌ಲೆಸ್ ಗ್ರೈಂಡಿಂಗಿನಲ್ಲಿ ಸೆಟ್ಟಿಂಗ್ ತಪ್ಪಿದರೆ ಶಾಫ್ಟು ದುಂಡಗೆ ಬಾರದೆ ಮೂರು ಕಡೆ ಸೂಕ್ಷ್ಮವಾಗಿ ಉಬ್ಬಿಕೊಳ್ಳುತ್ತದೆ. ಒಂದು ಉಬ್ಬಿನ ನೇರ ಎದುರಿಗೆ ಯಾವಾಗಲೂ ಒಂದು ತಗ್ಗು. ಮೈಕ್ರೋಮೀಟರು ಅಳೆಯುವುದು ಎದುರುಬದುರಾದ ಎರಡು ಬಿಂದುಗಳ ನಡುವಿನ ದೂರವನ್ನು. ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆ ಅಷ್ಟೇ ಕಡಿಮೆಯಾಗಿರುವುದರಿಂದ, ಹೇಗೆ ತಿರುಗಿಸಿ ಹಿಡಿದರೂ ಒಂದೇ ಅಳತೆ. ಸುತ್ತಲೂ 40.010 ತೋರಿಸುವ ಶಾಫ್ಟೊಂದನ್ನು ತೆಗೆದುಕೊಳ್ಳೋಣ. ಅದರ ಮೂರು ಉಬ್ಬುಗಳು ಸರಾಸರಿ ವೃತ್ತದಿಂದ ನಾಲ್ಕು ಮೈಕ್ರಾನ್ ಹೊರಗೆ, ತಗ್ಗುಗಳು ನಾಲ್ಕು ಮೈಕ್ರಾನ್ ಒಳಗೆ ಇವೆ. ಇನ್‌ಸ್ಪೆಕ್ಷನ್ ವರದಿಯಲ್ಲಿ ಇದು ಪಾಸು. ಆದರೆ ಉಬ್ಬುಗಳನ್ನು ಮುಟ್ಟುವಂತೆ ಸುತ್ತ ಎಳೆದ ವೃತ್ತದ ವ್ಯಾಸ 40.018. ಉಂಗುರಕ್ಕೆ ಎದುರಾಗುವುದು ಆ ದಪ್ಪ. ಬೇರಿಂಗಿನ ಒಳ ಉಂಗುರ ತೆಳು. ತನ್ನ ದುಂಡುತನವನ್ನು ಶಾಫ್ಟಿನ ಮೇಲೆ ಹೇರುವ ಬಲ ಅದಕ್ಕಿಲ್ಲ, ಶಾಫ್ಟಿನ ಆಕಾರಕ್ಕೆ ತಾನೇ ಒಗ್ಗಿಕೊಳ್ಳುತ್ತದೆ. ಗುಂಡುಗಳು ಓಡುವ ಹಾದಿಯೂ ಮೂರು ಉಬ್ಬಿನದಾಗುತ್ತದೆ. ಹೊಸ ಬೇರಿಂಗು ಹಾಕಿದರೂ ಮೊರೆತ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಸಿಲಿಂಡ್ರಿಸಿಟಿಯ ಚಿಹ್ನೆ ಬೇಕಾಗುತ್ತದೆ: ಒಂದು ವೃತ್ತ, ಅದರ ಎರಡು ಬದಿಗೆ ಓರೆ ಗೆರೆಗಳು. ಚೌಕಟ್ಟಿನಲ್ಲಿ ಪಕ್ಕಕ್ಕೆ 0.004 ಎಂದು ಬರೆದರೆ, ಇಡೀ ಮೇಲ್ಮೈ ನಾಲ್ಕು ಮೈಕ್ರಾನ್ ಅಂತರದ ಎರಡು ಏಕಾಕ್ಷ ಸಿಲಿಂಡರುಗಳ ನಡುವೆ ಇರಬೇಕೆಂದು ಅರ್ಥ. ನಮ್ಮ ಶಾಫ್ಟಿನ ಉಬ್ಬಿಗೂ ತಗ್ಗಿಗೂ ಎಂಟು ಮೈಕ್ರಾನ್ ವ್ಯತ್ಯಾಸವಿರುವುದರಿಂದ ಅದು ಈಗ ರಿಜೆಕ್ಟು. ಈ ಚೌಕಟ್ಟಿನಲ್ಲಿ ಡೇಟಮ್ ಅಕ್ಷರ ಇರಕೂಡದು. ಆಕಾರವನ್ನು ಅದರಷ್ಟಕ್ಕೇ ನೋಡುತ್ತೇವೆ, ಇನ್ನೊಂದಕ್ಕೆ ಹೋಲಿಸಿ ಅಲ್ಲ. ಚೌಕಟ್ಟಿನ ಬಾಣವೂ ವ್ಯಾಸದ ಅಳತೆಗೆರೆಗೆ ನೇರವಾಗಿರದೆ ಸ್ವಲ್ಪ ಸರಿದು ಮೇಲ್ಮೈಯನ್ನೇ ಮುಟ್ಟಬೇಕು. ಅಳತೆಗೆರೆಯ ಮುಂದುವರಿಕೆಯಾಗಿ ಬಾಣ ಎಳೆದರೆ ಅದು ಅಕ್ಷದ ಬಗ್ಗೆ ಹೇಳಿದಂತಾಗುತ್ತದೆ.

ಗರಿಷ್ಠ ಅಳತೆಯಷ್ಟೇ ಇರುವ, ಆಕಾರ ತಪ್ಪದ ಒಂದು ಸಿಲಿಂಡರಿನೊಳಗೆ ಶಾಫ್ಟು ಹಿಡಿಸಬೇಕು ಎಂಬ ನಿಯಮವೂ ಇದೆ. ಇದರ ಹಿಂದಿರುವುದು ಇಂಗ್ಲೆಂಡಿನ ವಿಲಿಯಂ ಟೇಲರ್ 1905ರಲ್ಲಿ ಗೇಜುಗಳಿಗಾಗಿ ಮುಂದಿಟ್ಟ ವಿಚಾರ: ‘ಗೋ’ ಗೇಜು ಭಾಗದ ಪೂರ್ಣ ಆಕಾರವನ್ನು ಪರೀಕ್ಷಿಸುವಂತಿರಬೇಕು. ಅಮೆರಿಕದ ಎಎಸ್‌ಎಂಇ Y14.5 ಪ್ರಕಾರ ಈ ನಿಯಮ ಹೇಳದೆಯೇ ಅನ್ವಯಿಸುತ್ತದೆ. ಐಎಸ್‌ಒ 8015ರ ಪ್ರಕಾರ ಹಾಗಲ್ಲ. ಅಳತೆಯ ಪಕ್ಕದಲ್ಲಿ Ⓔ ಹಾಕಿದರೆ ಮಾತ್ರ ಅನ್ವಯ. ಡ್ರಾಯಿಂಗು ಯಾವ ಮಾನದಂಡದ್ದು ಎಂದು ಟೈಟಲ್ ಬ್ಲಾಕಿನಲ್ಲಿ ಬರೆಯದಿದ್ದರೆ, ಅದೇ 40 k5 ಒಬ್ಬ ಗ್ರಾಹಕನ ಕೈಯಲ್ಲಿ ಪಾಸಾಗಿ ಇನ್ನೊಬ್ಬನ ಕೈಯಲ್ಲಿ ಫೇಲಾಗಬಹುದು.

ಆಕಾರ ಸರಿಹೋದ ಮೇಲಷ್ಟೇ ಅಕ್ಷದ ಮಾತು. ಶಾಫ್ಟಿನ ಎರಡು ತುದಿಗೂ ಬೇರಿಂಗ್ ಸೀಟುಗಳು, ನಡುವೆ ಗೇರು ಕೂರುವ ಜಾಗ ಇದೆ ಎನ್ನೋಣ. ಜೋಡಿಸಿದ ಮೇಲೆ ಶಾಫ್ಟು ತಿರುಗುವುದು ಎರಡು ಬೇರಿಂಗುಗಳು ಸೇರಿ ನಿರ್ಧರಿಸುವ ಒಂದೇ ಅಕ್ಷದ ಮೇಲೆ. ಆದ್ದರಿಂದ ಎಡ ಸೀಟಿಗೆ A, ಬಲ ಸೀಟಿಗೆ B ಎಂದು ಹೆಸರಿಟ್ಟು, ಗೇರಿನ ಜಾಗದ ಚೌಕಟ್ಟಿನಲ್ಲಿ ಒಂದೇ ಮನೆಯೊಳಗೆ A-B ಎಂದು ಬರೆಯುತ್ತೇವೆ. A ಒಂದು ಮನೆಯಲ್ಲಿ, B ಇನ್ನೊಂದರಲ್ಲಿ ಬರೆದರೆ ಅರ್ಥವೇ ಬೇರೆ: ಮೊದಲು A, ಅದರ ಅಡಿಯಾಳಾಗಿ B. ಗಿಡ್ಡನೆಯ ಒಂದು ಸೀಟಿನ ಅಕ್ಷವನ್ನು ಶಾಫ್ಟಿನ ಉದ್ದಕ್ಕೂ ಎಳೆದು ಅಳೆದರೆ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ಡೇಟಮ್ಮಿನ ತ್ರಿಕೋನವನ್ನು ಎಲ್ಲಿ ಕೂರಿಸುತ್ತೇವೆ ಎಂಬುದೂ ಮುಖ್ಯ. ಅದು ಸೀಟಿನ ವ್ಯಾಸದ ಅಳತೆಗೆರೆಗೆ ನೇರವಾಗಿದ್ದರೆ ಡೇಟಮ್ ಎಂದರೆ ಆ ಸೀಟಿನ ಅಕ್ಷ. ಪಕ್ಕಕ್ಕೆ ಸರಿದರೆ ಬರಿಯ ಮೇಲ್ಮೈ. ಡ್ರಾಯಿಂಗಿನ ನಡುವೆ ಹಾದುಹೋಗುವ ಚುಕ್ಕೆಗೆರೆಯ ಮೇಲೇ ತ್ರಿಕೋನ ಅಂಟಿಸುವುದು ಹಳೆಯ ಅಭ್ಯಾಸ. ಆ ಗೆರೆ ಯಾವ ವ್ಯಾಸದ್ದು? ಶಾಫ್ಟಿನಲ್ಲಿ ವ್ಯಾಸಗಳು ಹಲವು, ಪ್ರತಿಯೊಂದಕ್ಕೂ ತನ್ನದೇ ಅಕ್ಷ. ತುದಿಯ ಸೆಂಟರ್ ರಂಧ್ರಗಳನ್ನು ಡೇಟಮ್ ಮಾಡುವವರೂ ಉಂಟು, ಗ್ರೈಂಡಿಂಗು ಅವುಗಳ ಮೇಲೇ ನಡೆಯುವುದರಿಂದ. ಅದು ಮಾಡುವವನ ಅನುಕೂಲ. ಯಂತ್ರದೊಳಗೆ ಶಾಫ್ಟು ಸೆಂಟರುಗಳ ಮೇಲೆ ತಿರುಗುವುದಿಲ್ಲ.

A-Bಗೆ ಹೋಲಿಸಿ ಗೇರಿನ ಜಾಗಕ್ಕೆ ಟೋಟಲ್ ರನೌಟ್ ಕೊಡಬಹುದು. ಅದರ ಚಿಹ್ನೆ ಜೋಡಿ ಓರೆಬಾಣ. ಡಯಲನ್ನು ಮೇಲ್ಮೈ ಮೇಲಿಟ್ಟು ಶಾಫ್ಟು ತಿರುಗಿಸುತ್ತ ಉದ್ದಕ್ಕೂ ಸರಿಸಿದರೆ ಮುಳ್ಳು ಒಟ್ಟು ಎಷ್ಟು ಆಡುತ್ತದೆ ಎಂಬುದೇ ಅದರ ಅಳತೆ. ಬೇರಿಂಗಿನ ಒಳ ಉಂಗುರ ಒರಗುವ ಭುಜಕ್ಕೂ A-Bಗೆ ಹೋಲಿಸಿಯೇ ಅಕ್ಷದ ದಿಕ್ಕಿನ ರನೌಟ್ 0.01 ಕೊಡಬೇಕು, ಇಲ್ಲದಿದ್ದರೆ ಉಂಗುರ ಓರೆಯಾಗಿ ಕೂರುತ್ತದೆ. ಆದರೆ ಭುಜದ ಬುಡದ ಮೂಲೆ 1 ಮಿ.ಮೀ.ಗಿಂತ ದೊಡ್ಡ ತ್ರಿಜ್ಯದಲ್ಲಿ ದುಂಡಗಿದ್ದರೆ 6208ರ ಉಂಗುರ ಭುಜವನ್ನು ಮುಟ್ಟುವುದೇ ಇಲ್ಲ, ಮೂಲೆಯ ಮೇಲೆಯೇ ನಿಂತುಬಿಡುತ್ತದೆ. ಆಗ ಭುಜ ಎಷ್ಟು ನೇರವಾಗಿದ್ದರೂ ಪ್ರಯೋಜನವಿಲ್ಲ. ಬೋಲ್ಟು ತೂತುಗಳಿಂದ ನಕಲು ಮಾಡಿ ತಂದ Ⓜ ಈ ಚೌಕಟ್ಟುಗಳಲ್ಲಿ ಬರಕೂಡದು. ಸಡಿಲವಿರುವ ಕಡೆ ಶಾಫ್ಟು ತೆಳುವಾದಷ್ಟೂ ರಿಯಾಯಿತಿ ಕೊಡಬಹುದು. ಬಿಗಿತವೇ ಕೆಲಸ ಮಾಡುವ ಕಡೆ ರಿಯಾಯಿತಿಗೆ ಅರ್ಥವಿಲ್ಲ.

ಈಗ ಅಳೆಯುವ ಕಡೆಗೆ ಬರೋಣ, ಏಕೆಂದರೆ ಚಿಹ್ನೆಗಳ ಅನುಕ್ರಮ ಅಲ್ಲಿ ಬಯಲಾಗುತ್ತದೆ. A-Bಯನ್ನು ವರ್ಕ್‌ಶಾಪಿನಲ್ಲಿ ಹಿಡಿಯುವ ಸುಲಭ ದಾರಿ, ಎರಡೂ ಸೀಟುಗಳನ್ನು ಎರಡು ವಿ-ಬ್ಲಾಕುಗಳ ಮೇಲಿಡುವುದು. ಸೀಟಿನಲ್ಲಿ ಮೂರು ಉಬ್ಬಿದ್ದರೆ ತಿರುಗಿಸುವಾಗ ಶಾಫ್ಟೇ ಮೇಲೆ ಕೆಳಗೆ ಆಡುತ್ತದೆ, ಆ ಆಟ ಗೇರಿನ ಜಾಗದ ರನೌಟಿಗೆ ಸೇರಿಕೊಳ್ಳುತ್ತದೆ. ಸೀಟಿನ ಆಕಾರ ಕೆಟ್ಟಿದ್ದರೆ ಅದರ ಮೇಲೆ ನಿಂತ ಎಲ್ಲ ಅಳತೆಗಳೂ ಕೆಟ್ಟವೇ. ಆದ್ದರಿಂದ ಮೊದಲು ಸೀಟಿನ ಆಕಾರವನ್ನೇ ನೋಡಬೇಕು. ರೌಂಡ್‌ನೆಸ್ ಅಳೆಯುವ ಯಂತ್ರ ಇಲ್ಲದ ಕಡೆ ವಿ-ಬ್ಲಾಕೇ ಆ ಕೆಲಸಕ್ಕೂ ಒದಗುತ್ತದೆ. ಸೀಟನ್ನು 60 ಡಿಗ್ರಿ ಕೋನದ ಬ್ಲಾಕಿನಲ್ಲಿಟ್ಟು ಅದರ ನೆತ್ತಿಗೆ ಡಯಲ್ ಹಿಡಿದು ತಿರುಗಿಸಿದರೆ ಮೂರು ಉಬ್ಬಿನ ದೋಷ ಮೂರು ಪಟ್ಟು ಹಿಗ್ಗಿ ಕಾಣುತ್ತದೆ. ಮೈಕ್ರೋಮೀಟರಿಗೆ ಸೊನ್ನೆಯಾಗಿದ್ದ ನಮ್ಮ ಎಂಟು ಮೈಕ್ರಾನು ಇಲ್ಲಿ ಇಪ್ಪತ್ನಾಲ್ಕು. ಆದರೆ ಅದೇ 60 ಡಿಗ್ರಿ ಬ್ಲಾಕು ಐದು ಉಬ್ಬಿನ ಶಾಫ್ಟನ್ನು ಪೂರ್ತಿ ದುಂಡಗೆ ತೋರಿಸುತ್ತದೆ. ಅದನ್ನು ಹಿಡಿಯಲು 90 ಡಿಗ್ರಿಯದು ಬೇಕು. 0.004 ಎಂದು ಬರೆಯುವ ಡ್ರಾಫ್ಟ್ಸ್‌ಮನ್ ತನ್ನ ಇನ್‌ಸ್ಪೆಕ್ಷನ್ ಟೇಬಲ್ಲಿನ ಮೇಲೆ ಈ ಎರಡೂ ಬ್ಲಾಕುಗಳಿವೆಯೇ ಎಂದು ಒಮ್ಮೆ ಹೋಗಿ ನೋಡಿ ಬರುವುದು ಒಳ್ಳೆಯದು.