ಉಳಿದ ತೊಗರಿಗೆ ಕಟ್ಟುವ ಬೆಲೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಸುಗ್ಗಿಯ ತೊಗರಿಯನ್ನು ಕೊಂಡಿಟ್ಟು ಮಾರುವ ವರ್ತಕರನ್ನು ನಾವೆಲ್ಲರೂ ಬಲ್ಲೆವು. ಅವರ ಲಾಭವು ಮಾರಿದ ತೊಗರಿಯಿಂದ ಮಾತ್ರವಲ್ಲ, ಮಾರದೆ ಉಳಿದ ಚೀಲಗಳಿಗೆ ಕಟ್ಟುವ ಬೆಲೆಯಿಂದಲೂ ನಿಶ್ಚಯವಾಗುತ್ತದೆ ಎಂದರೆ ಕಲಾ ವಿಭಾಗದ ಗೆಳೆಯರು ನಕ್ಕಾರು.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಬೆಲೆ ಏರುತ್ತಿರುವ ವರ್ಷ. ವರ್ತಕನೊಬ್ಬನು ಜನವರಿಯಲ್ಲಿ ಆಳಂದದ ಕಡೆಯಿಂದ 100 ಕ್ವಿಂಟಲ್ ತೊಗರಿಯನ್ನು ಕ್ವಿಂಟಲಿಗೆ 7,000 ರೂಪಾಯಿಯಂತೆ ಕೊಂಡನು. ಫೆಬ್ರವರಿಯಲ್ಲಿ ಅಫಜಲಪುರದಿಂದ ಅಷ್ಟೇ ತೊಗರಿಯನ್ನು 8,000ದಂತೆ, ಮಾರ್ಚಿಯಲ್ಲಿ ಜೇವರ್ಗಿಯಿಂದ 9,000ದಂತೆ. ಒಟ್ಟು ಖರ್ಚು 24 ಲಕ್ಷ. ಮಾರ್ಚಿ ಮುಗಿಯುವುದರೊಳಗೆ 200 ಕ್ವಿಂಟಲನ್ನು 9,500ರಂತೆ ಮಾರಿ 19 ಲಕ್ಷ ಪಡೆದನು. ಉಳಿದದ್ದು 100 ಕ್ವಿಂಟಲ್.

‘ಮೊದಲು ಬಂದದ್ದು ಮೊದಲು ಹೋಯಿತು’ ಎಂಬ ಫಿಫೋ ಕ್ರಮದಲ್ಲಿ ಉಳಿದದ್ದು ಜೇವರ್ಗಿಯ ತೊಗರಿ. ಅದರ ಬೆಲೆ 9 ಲಕ್ಷ. ಆಗ ಮಾರಿದ್ದರ ಅಸಲು 15 ಲಕ್ಷ, ಲಾಭ 4 ಲಕ್ಷ. ತೂಕದ ಸರಾಸರಿ ಕ್ರಮದಲ್ಲಿ ಪ್ರತಿ ಕ್ವಿಂಟಲಿಗೆ 8,000. ಉಳಿಕೆ 8 ಲಕ್ಷ, ಅಸಲು 16 ಲಕ್ಷ, ಲಾಭ 3 ಲಕ್ಷ. ಪೆಟ್ಟಿಗೆಯ ಹಣ ಎರಡರಲ್ಲೂ ಒಂದೇ: 24 ಲಕ್ಷ ಹೋಗಿ 19 ಲಕ್ಷ ಬಂದಿದೆ. ಹೆಚ್ಚಿನ ಆ ಒಂದು ಲಕ್ಷವು ಇನ್ನೂ ಗೋದಾಮಿನ ಚೀಲಗಳಲ್ಲಿಯೇ ಇದೆ. ಮುಂದಿನ ವರ್ಷ ಅದೇ ಉಳಿಕೆಯು 9,500ರಂತೆ ಮಾರಿಹೋದರೆ ಫಿಫೋದವನಿಗೆ ಅರ್ಧ ಲಕ್ಷ, ಸರಾಸರಿಯವನಿಗೆ ಒಂದೂವರೆ ಲಕ್ಷ ಲಾಭ. ಎರಡು ವರ್ಷ ಕೂಡಿಸಿದರೆ ಇಬ್ಬರಿಗೂ ನಾಲ್ಕೂವರೆ ಲಕ್ಷವೇ.

ಹಿಂದಿನವರ ಹಗೇವಿನಲ್ಲಿ ಕಡೆಗೆ ತುಂಬಿದ ಕಾಳೇ ಮೊದಲು ಕೈಗೆ ಬರುತ್ತಿತ್ತು. ಆ ಕ್ರಮದ ಲೆಕ್ಕವನ್ನು ನಮ್ಮ ದೇಶದ ಲೆಕ್ಕದ ಮಾನಕಗಳು ಒಪ್ಪುವುದಿಲ್ಲ. ಇಂಥ ಸರಕಿಗೆ ಮೇಲಿನ ಎರಡನ್ನೂ ಒಪ್ಪುತ್ತವೆ. ನನ್ನ ಮತವು ಸರಾಸರಿಯ ಕಡೆಗೆ. ಮೂರು ಊರಿನ ತೊಗರಿ ಒಂದೇ ರಾಶಿಯಲ್ಲಿ ಬೆರೆತ ಮೇಲೆ ಯಾವ ಕಾಳು ಯಾವ ತಿಂಗಳದೆಂದು ಹೇಳುವವರಾರು? ಅಲ್ಲದೆ ಏರುವ ಬೆಲೆಯ ವರ್ಷದಲ್ಲಿ ಫಿಫೋದ ದೊಡ್ಡ ಲಾಭವನ್ನು ನೋಡಿ ಪಾಲುದಾರರು ಹಣ ತೆಗೆದುಕೊಂಡರೆ, ತೆರಿಗೆಯನ್ನೂ ಕಟ್ಟಿದರೆ, ಮುಂದಿನ ಖರೀದಿಗೆ ಸಾಲವೇ ಗತಿ.

ಬೆಲೆ ಕುಸಿದರೆ ಮಾತೇ ಬೇರೆ. ಉಳಿಕೆಯನ್ನು ಅಸಲು ಅಥವಾ ಮಾರಿದರೆ ಖರ್ಚು ಕಳೆದು ಕೈಸೇರುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದರಲ್ಲಿ ಬರೆಯಬೇಕು. ಕೈಸೇರುವುದು 7,000ವಷ್ಟೇ ಆದರೆ ಎರಡು ಕ್ರಮಗಳಲ್ಲೂ ಉಳಿಕೆ 7 ಲಕ್ಷ, ಲಾಭ 2 ಲಕ್ಷ, ಜಗಳವೇ ಇಲ್ಲ. ನಾವು ಸಂಶಯಪಡಬೇಕಾದುದು, ಏರುವ ವರ್ಷದಲ್ಲಿ ಸರಾಸರಿಯನ್ನು ಬಿಟ್ಟು ಒಮ್ಮೆಲೇ ಫಿಫೋಗೆ ಹಾರಿದವನ ಮೇಲೆ. ಅಂಥವನ ಲೆಕ್ಕವನ್ನು ಹಳೆಯ ಕ್ರಮದಲ್ಲಿ ಮತ್ತೊಮ್ಮೆ ಹಾಕಿ ನೋಡಿದರೆ, ಲಾಭದಲ್ಲಿ ವ್ಯಾಪಾರದ್ದೆಷ್ಟು, ಕ್ರಮ ಬದಲಿಸಿದ್ದರಿಂದ ಬಂದದ್ದೆಷ್ಟು ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ.