ಟಿಸಿಎಸ್‌ಗೆ 51, ಇನ್ಫೋಸಿಸ್‌ಗೆ 30: ಅಂತರ ಬಂದದ್ದೆಲ್ಲಿಂದ?

ಷೇರುದಾರರು ಕಂಪನಿಯಲ್ಲಿ ಇಟ್ಟಿರುವ ಪ್ರತಿ ನೂರು ರೂಪಾಯಿಗೆ 2023-24ನೇ ಸಾಲಿನಲ್ಲಿ ಮುಂಬಯಿಯ ಟಿಸಿಎಸ್ ಸುಮಾರು 51 ರೂಪಾಯಿ ಗಳಿಸಿತು. ಬೆಂಗಳೂರಿನ ಇನ್ಫೋಸಿಸ್ ಗಳಿಸಿದ್ದು ಸುಮಾರು 30 ರೂಪಾಯಿ. ಎರಡೂ ಮಾಡುವುದು ಒಂದೇ ಕೆಲಸ. ಗಿರಾಕಿಗಳು ಹೆಚ್ಚಾಗಿ ಅಮೆರಿಕ, ಯುರೋಪಿನವರು. ಹೊಸೂರಿನ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಸ್ಸು ಹಿಡಿಯುವ ಹುಡುಗನೂ ಸೊಲ್ಲಾಪುರದಿಂದ ಪುಣೆಗೆ ಹೋದ ಹುಡುಗಿಯೂ ಎರಡರಲ್ಲಿ ಯಾವುದರಲ್ಲಾದರೂ ಕೆಲಸಕ್ಕೆ ಸೇರಬಹುದು. ಹಾಗಿದ್ದರೆ ಇಷ್ಟು ಅಂತರ ಏಕೆ? ಈ ಒಂದು ಅಂಕಿ ನೋಡಿ ಇನ್ಫೋಸಿಸ್ ಷೇರು ಮಾರಿ ಟಿಸಿಎಸ್ ಷೇರು ಕೊಳ್ಳಲು ಹೊರಟವರು ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಇದು.

ಲಾಭವನ್ನು ಷೇರುದಾರರ ಬಂಡವಾಳದಿಂದ ಭಾಗಿಸಿದರೆ ಸಿಗುವ ಈ ದರಕ್ಕೆ ಪೇಟೆಯಲ್ಲಿ ಆರ್‌ಒಇ ಎನ್ನುತ್ತಾರೆ. ಅದನ್ನು ಬಿಡಿಸಿ ನೋಡುವ ವಿಧಾನಕ್ಕೆ ಅಮೆರಿಕದ ಡ್ಯೂಪಾಂಟ್ ಕಂಪನಿಯ ಹೆಸರು ಬಂದಿದೆ. 1910ರ ದಶಕದಲ್ಲಿ ಆ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಇದಕ್ಕೆ ಬುನಾದಿ ಹಾಕಿದರು. ಕೇಳಬೇಕಾದ ಪ್ರಶ್ನೆಗಳು ಮೂರು. ನೂರು ರೂಪಾಯಿ ವ್ಯಾಪಾರದಲ್ಲಿ ಕೊನೆಗೆ ಎಷ್ಟು ಉಳಿಯಿತು? ಇದು ಮಾರ್ಜಿನ್. ಕಂಪನಿಯ ಒಟ್ಟು ಆಸ್ತಿ ವರ್ಷದಲ್ಲಿ ತನ್ನ ಎಷ್ಟು ಪಟ್ಟು ವ್ಯಾಪಾರ ಮಾಡಿತು? ಇದು ಆಸ್ತಿಯ ವಹಿವಾಟು. ಆ ಆಸ್ತಿ ಷೇರುದಾರರ ಸ್ವಂತ ಹಣದ ಎಷ್ಟು ಪಟ್ಟು ಇದೆ? ಇದು ಲಿವರೇಜ್. ಮೂರನ್ನೂ ಗುಣಿಸಿದರೆ ಮೊದಲಿನ ಆರ್‌ಒಇ ಮತ್ತೆ ಸಿಗುತ್ತದೆ.

2024ರ ಮಾರ್ಚ್ ಕೊನೆಯ ಲೆಕ್ಕಪತ್ರದಲ್ಲಿ ಟಿಸಿಎಸ್ ವ್ಯಾಪಾರ 2,40,893 ಕೋಟಿ ರೂ., ಲಾಭ 45,908 ಕೋಟಿ, ಒಟ್ಟು ಆಸ್ತಿ 1,46,449 ಕೋಟಿ, ಷೇರುದಾರರ ಬಂಡವಾಳ 90,489 ಕೋಟಿ. ಇನ್ಫೋಸಿಸ್‌ನ ಇದೇ ಅಂಕಿಗಳು ಕ್ರಮವಾಗಿ 1,53,670 ಕೋಟಿ, 26,233 ಕೋಟಿ, 1,37,814 ಕೋಟಿ ಮತ್ತು 88,116 ಕೋಟಿ ರೂ. ಭಾಗಿಸಿ ನೋಡಿದರೆ:

ಟಿಸಿಎಸ್: ಮಾರ್ಜಿನ್ ಶೇ. 19.1 × ವಹಿವಾಟು 1.64 × ಲಿವರೇಜ್ 1.62 = ಶೇ. 50.7
ಇನ್ಫೋಸಿಸ್: ಮಾರ್ಜಿನ್ ಶೇ. 17.1 × ವಹಿವಾಟು 1.12 × ಲಿವರೇಜ್ 1.56 = ಶೇ. 29.8

ಮಾರ್ಜಿನ್ ಮತ್ತು ಲಿವರೇಜ್ ಎರಡರಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಇನ್ಫೋಸಿಸ್‌ಗೆ ಟಿಸಿಎಸ್‌ನ ಮಾರ್ಜಿನ್ ಮಾತ್ರ ಕೊಟ್ಟು ಉಳಿದದ್ದನ್ನು ಹಾಗೆಯೇ ಬಿಟ್ಟರೆ ಆರ್‌ಒಇ ಶೇ. 33 ಆಗುತ್ತದೆ. ಲಿವರೇಜ್ ಮಾತ್ರ ಕೊಟ್ಟರೆ ಶೇ. 31. ವಹಿವಾಟಿನ ವೇಗ ಮಾತ್ರ ಕೊಟ್ಟರೆ ಒಮ್ಮೆಲೇ ಶೇ. 44ಕ್ಕೆ ಏರುತ್ತದೆ. ಅಂದರೆ ಅಂತರದ ಬಹುಪಾಲು ಇರುವುದು ನಡುವಿನ ಅಂಕಿಯಲ್ಲಿ. ಕೆಲಸದಲ್ಲಿ ಉಳಿಯುವ ಲಾಭ ಹೆಚ್ಚುಕಡಿಮೆ ಒಂದೇ. ಆದರೆ ಇನ್ಫೋಸಿಸ್ ಅದೇ ವ್ಯಾಪಾರಕ್ಕೆ ಹೆಚ್ಚು ಆಸ್ತಿ ಇಟ್ಟುಕೊಂಡಿದೆ.

ಸಾಫ್ಟ್‌ವೇರ್ ಕಂಪನಿಗೆ ಎಂಥ ಆಸ್ತಿ? ಇನ್ಫೋಸಿಸ್‌ಗೆ ಮೈಸೂರಿನ ತರಬೇತಿ ಕೇಂದ್ರದಂಥ ದೊಡ್ಡ ಸ್ವಂತ ಕ್ಯಾಂಪಸ್‌ಗಳಿವೆ. ಬೇರೆ ಕಂಪನಿಗಳನ್ನು ಕೊಂಡಾಗ ಅವುಗಳ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಬೆಲೆಯನ್ನು ಲೆಕ್ಕದಲ್ಲಿ 'ಗುಡ್‌ವಿಲ್' ಎಂದು ಬರೆಯುತ್ತಾರೆ. ಇದು ಇನ್ಫೋಸಿಸ್‌ನಲ್ಲಿ 7,300 ಕೋಟಿ ರೂ. ಆಸುಪಾಸು ಇದ್ದರೆ, ಅದಕ್ಕಿಂತ ದೊಡ್ಡದಾದ ಟಿಸಿಎಸ್‌ನಲ್ಲಿ 1,800 ಕೋಟಿಯ ಆಸುಪಾಸು. ಇದಲ್ಲದೆ ಬ್ಯಾಂಕಿನಲ್ಲೂ ಬಾಂಡುಗಳಲ್ಲೂ ಇಟ್ಟ ಹಣ ಎರಡೂ ಕಡೆ ದೊಡ್ಡದು. ವ್ಯಾಪಾರಕ್ಕೆ ಹೋಲಿಸಿದರೆ ಇನ್ಫೋಸಿಸ್‌ನಲ್ಲಿ ಅದು ಇನ್ನೂ ದೊಡ್ಡದು. ಆ ಹಣ ಬಡ್ಡಿ ತರುತ್ತದೆ, ಆದರೆ ಗಿರಾಕಿಯನ್ನು ತರುವುದಿಲ್ಲ.

ಇಲ್ಲಿಯೇ ಲೆಕ್ಕದ ಇನ್ನೊಂದು ಮುಖ ಕಾಣುತ್ತದೆ. ಟಿಸಿಎಸ್ 2023ರ ಡಿಸೆಂಬರ್‌ನಲ್ಲಿ ಒಂದು ಷೇರಿಗೆ 4,150 ರೂಪಾಯಿಯಂತೆ 17,000 ಕೋಟಿ ರೂ. ಕೊಟ್ಟು ತನ್ನದೇ ಷೇರುಗಳನ್ನು ಮರುಖರೀದಿ ಮಾಡಿತು. ಅಂಗಡಿಯವನು ಗಲ್ಲಾಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿದ್ದ ಹಣವನ್ನು ಮನೆಗೆ ಒಯ್ದಂತೆ ಇದು. ಅಂಗಡಿಯಲ್ಲಿ ಒಂದು ಸಾಮಾನೂ ಹೆಚ್ಚು ಮಾರಾಟವಾಗುವುದಿಲ್ಲ. ಆದರೆ ಉಳಿದ ಬಂಡವಾಳ ಕಡಿಮೆಯಾದ್ದರಿಂದ ಅದರ ಮೇಲಿನ ಗಳಿಕೆಯ ದರ ಏರುತ್ತದೆ.

ಎಷ್ಟು ಏರಿತೆಂದು ನೋಡಬಹುದು. ಆ 17,000 ಕೋಟಿ ಕಂಪನಿಯಲ್ಲೇ ಉಳಿದಿದ್ದರೆ ಬಂಡವಾಳ 1,07,489 ಕೋಟಿ ಆಗುತ್ತಿತ್ತು. ಅದರ ಮೇಲೆ ಬರುತ್ತಿದ್ದ ಅಲ್ಪ ಬಡ್ಡಿ ಮತ್ತು ಮರುಖರೀದಿಯ ತೆರಿಗೆಯನ್ನು ಬದಿಗಿಟ್ಟರೆ ಆರ್‌ಒಇ ಶೇ. 42.7. ಮೂರು ಭಾಗಗಳಲ್ಲಿ ನೋಡಿದರೆ ಮಾರ್ಜಿನ್ ಕದಲುವುದಿಲ್ಲ. ವಹಿವಾಟು 1.64ರಿಂದ 1.47ಕ್ಕೆ, ಲಿವರೇಜ್ 1.62ರಿಂದ 1.52ಕ್ಕೆ ಇಳಿಯುತ್ತದೆ. ಟಿಸಿಎಸ್ ಮತ್ತು ಇನ್ಫೋಸಿಸ್ ನಡುವಿನ 21 ಅಂಶಗಳ ಅಂತರದಲ್ಲಿ 8 ಅಂಶಗಳು ಈ ಒಂದು ತೀರ್ಮಾನದಿಂದಲೇ ಬಂದವು. ಇದರಲ್ಲಿ ಮೋಸವೇನಿಲ್ಲ. ಬೇಡದ ಹಣವನ್ನು ಒಡೆಯರಿಗೆ ಹಿಂತಿರುಗಿಸುವುದು ಒಳ್ಳೆಯ ಆಡಳಿತವೇ. ಆದರೆ ಅದನ್ನು ಎಂಜಿನಿಯರುಗಳ ದಕ್ಷತೆ ಎಂದು ಓದಬಾರದು. ಅದನ್ನು ಕಳೆದ ಮೇಲೂ ಟಿಸಿಎಸ್ ಮುಂದಿದೆ ಎಂಬುದೂ ಅಷ್ಟೇ ನಿಜ.

ಲಿವರೇಜ್ ಎಂಬ ಮಾತೂ ದಾರಿ ತಪ್ಪಿಸಬಹುದು. 1.6 ಎಂದ ಕೂಡಲೇ ಸಾಲ ಎಂದುಕೊಳ್ಳುವವರೇ ಹೆಚ್ಚು. ಈ ಎರಡು ಕಂಪನಿಗಳು ಬ್ಯಾಂಕ್ ಸಾಲದ ಮೇಲೆ ನಿಂತವಲ್ಲ. ಕಚೇರಿಗಳ ದೀರ್ಘಾವಧಿ ಬಾಡಿಗೆಯ ಹೊಣೆ, ಸಿಬ್ಬಂದಿಗೆ ಕೊಡಬೇಕಾದ ಬಾಕಿ, ಗಿರಾಕಿಗಳ ಮುಂಗಡ, ತೆರಿಗೆ ಬಾಕಿ ಇವೇ ಅಲ್ಲಿ ಅನ್ಯರ ಹಣ. ಉಕ್ಕು ಅಥವಾ ವಿದ್ಯುತ್ ಕಂಪನಿಯಲ್ಲಿ ಇದೇ ಅಂಕಿ ಬಡ್ಡಿ ಕಟ್ಟಬೇಕಾದ ಸಾಲವಾಗಿರಬಹುದು. ಅಂಕಿ ನೋಡಿದ ಮೇಲೆ ಅದರೊಳಗೆ ಏನಿದೆ ಎಂದು ಲೆಕ್ಕಪತ್ರದ ಹೊಣೆಗಾರಿಕೆಗಳ ಪಟ್ಟಿಯಲ್ಲಿ ನೋಡಲೇಬೇಕು.

ಮಾರ್ಜಿನ್‌ನಲ್ಲೂ ಒಂದು ಎಚ್ಚರಿಕೆ ಬೇಕು. ಆ ವರ್ಷ ಟಿಸಿಎಸ್ ಅಮೆರಿಕದ ಎಪಿಕ್ ಸಿಸ್ಟಮ್ಸ್ ಮೊಕದ್ದಮೆಗಾಗಿ 958 ಕೋಟಿ ರೂ. ಖರ್ಚು ಬರೆದುಕೊಂಡಿತು. ಇನ್ಫೋಸಿಸ್‌ಗೆ ಹಳೆಯ ತೆರಿಗೆ ವಿವಾದ ಇತ್ಯರ್ಥವಾಗಿ 1,916 ಕೋಟಿ ರೂ. ಬಡ್ಡಿ ಆದಾಯ ಬಂತು. ಎರಡೂ ಪ್ರತಿ ವರ್ಷ ಬರುವಂಥವಲ್ಲ. ಇವನ್ನು ತೆಗೆದರೆ ಟಿಸಿಎಸ್ ಮಾರ್ಜಿನ್ ತುಸು ಏರುತ್ತದೆ, ಇನ್ಫೋಸಿಸ್‌ನದು ಇಳಿಯುತ್ತದೆ. ಮೇಲಿನ ಲೆಕ್ಕ ವರ್ಷಾಂತ್ಯದ ಬಂಡವಾಳದ್ದು ಎಂಬುದೂ ನೆನಪಿರಲಿ. ವರ್ಷದ ಆದಿ, ಅಂತ್ಯಗಳ ಸರಾಸರಿ ಹಿಡಿದರೆ ಇನ್ಫೋಸಿಸ್‌ನ ಆರ್‌ಒಇ ಶೇ. 32 ಆಗುತ್ತದೆ. ಯಾವ ಅಳತೆಯಾದರೂ ಸರಿ, ಎರಡಕ್ಕೂ ಒಂದೇ ಇರಬೇಕು.

ಇನ್ಫೋಸಿಸ್ 2025ರ ಸೆಪ್ಟೆಂಬರ್‌ನಲ್ಲಿ ಒಂದು ಷೇರಿಗೆ 1,800 ರೂಪಾಯಿಯಂತೆ 18,000 ಕೋಟಿ ರೂ. ಮರುಖರೀದಿ ಪ್ರಕಟಿಸಿತು. ಇದರಿಂದ 2025-26ನೇ ಸಾಲಿನ ಆರ್‌ಒಇ ಏರಿ ಕಂಡರೆ, ಏರಿದ್ದು ಮೂರರಲ್ಲಿ ಯಾವುದು ಎಂದು ಭಾಗಿಸಿ ನೋಡಬೇಕು. ಮಾರ್ಜಿನ್ ಏರಿದ್ದರೆ ವ್ಯಾಪಾರ ಸುಧಾರಿಸಿದೆ. ಮಾರ್ಜಿನ್ ಇದ್ದಲ್ಲೇ ಇದ್ದು ವಹಿವಾಟು ಮತ್ತು ಲಿವರೇಜ್ ಮಾತ್ರ ಏರಿದ್ದರೆ, ಗಲ್ಲಾಪೆಟ್ಟಿಗೆ ಹಗುರವಾಗಿದೆ ಎಂದಷ್ಟೇ ಅರ್ಥ.